ತುತ್ತ-ಸುಣ್ಣವೋ, ಪೊಟ್ಟಣದ ಪುಡಿಯೋ? – ಎರಡು ಕೊಳೆ ಔಷಧಿಗಳನ್ನು ನ್ಯಾಯವಾಗಿ ತೂಗುವ ಬಗೆ



ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ನಿಟ್ಟೂರಿನ ಮಳಿಗೆಯ ಮುಂದೆ ದಿನಕ್ಕೆ ಹತ್ತು ಸಲ ಕೇಳಿಬರುವ ಪ್ರಶ್ನೆ ಒಂದೇ. "ಸೆಕ್ರೆಟರಿಗಳೇ, ಈ ವರ್ಷ ತುತ್ತ-ಸುಣ್ಣ ಒಯ್ಯಲೋ, ಪೊಟ್ಟಣದ ಪುಡಿ ಒಯ್ಯಲೋ?" ತುತ್ತ-ಸುಣ್ಣವೆಂದರೆ ನಾವು ಮನೆಯಲ್ಲೇ ಕೂಡಿಸಿಕೊಳ್ಳುವ ಬೋರ್ಡೋ ದ್ರಾವಣ. ಪೊಟ್ಟಣದ ಪುಡಿಯೆಂದರೆ ಕಾಪರ್ ಆಕ್ಸಿಕ್ಲೋರೈಡ್. ಎರಡೂ ತಾಮ್ರದ ಔಷಧಿಗಳೇ, ಎರಡೂ ಅಡಿಕೆಯ ಕೊಳೆರೋಗಕ್ಕೆ ತಡೆಯಾಗಿ ಹೊಡೆಯತಕ್ಕವೇ. ಹೀಗೆ ಅಣ್ಣ-ತಮ್ಮಂದಿರಂತಿರುವ ಎರಡು ಪದಾರ್ಥಗಳ ನಡುವೆ ಒಂದನ್ನು ಮೆಚ್ಚಿ ಹೇಳುವುದು ತೋರುವಷ್ಟು ಸುಲಭವಲ್ಲ. ಅದು ಎಷ್ಟು ಕಷ್ಟವೆಂಬುದನ್ನು ನಾನು ತಪ್ಪು ಮಾಡಿಯೇ ಕಲಿತೆ.

ಕೆಲವು ವರ್ಷಗಳ ಹಿಂದೆ ಇದೇ ಪತ್ರಿಕೆಯಲ್ಲಿ ಈ ಎರಡರ ಬಗ್ಗೆ ಅರ್ಧ ಪುಟದ ಟಿಪ್ಪಣಿಯೊಂದನ್ನು ಬರೆದಿದ್ದೆ. ಬೋರ್ಡೋವನ್ನು ಹೊಗಳಿ, ಇನ್ನೊಂದನ್ನು "ಮಳೆಗೆ ತೊಳೆದುಹೋಗುವ ಪುಡಿ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೆ. ಪತ್ರಿಕೆ ಕೈಸೇರಿದ ವಾರದಲ್ಲೇ ಹಿರಿಯ ಸದಸ್ಯರೊಬ್ಬರು ಕಚೇರಿಗೆ ಬಂದರು. ಎರಡೆಕರೆ ತೋಟ, ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. ಅವರು ಸಿಟ್ಟು ಮಾಡಲಿಲ್ಲ. "ನೀವು ಬೋರ್ಡೋ ಹೊಡೆಸಿದ್ದು ಯಾವಾಗ?" ಎಂದು ಕೇಳಿದರು. ಮೇ ಕೊನೆಯಲ್ಲಿ, ಬಿಸಿಲು ನೋಡಿ, ಎಂದೆ. "ಪುಡಿ ಹೊಡೆಸಿದ್ದು?" ಜುಲೈಯಲ್ಲಿ, ಎರಡು ಮಳೆಯ ನಡುವೆ, ಹೊಳೆಬದಿಯ ತಗ್ಗಿನ ತೋಟಕ್ಕೆ. "ಹಾಗಾದರೆ ನೀವು ತೂಗಿದ್ದು ಔಷಧಿಯನ್ನಲ್ಲ ಮಾರಾಯ್ರೇ, ಮಳೆಯನ್ನು. ನಾನು ಐದು ವರ್ಷದಿಂದ ಪುಡಿಯನ್ನೇ ಹೊಡೆಯುತ್ತಿದ್ದೇನೆ. ನಿಮ್ಮ ಟಿಪ್ಪಣಿ ಓದಿದ ಮೇಲೆ ನಾನು ಮೂರ್ಖನೋ ಎಂದು ನನ್ನ ಹೆಂಡತಿಯೇ ಕೇಳಿದಳು."

ಅವರ ಮಾತು ನ್ಯಾಯವಾದದ್ದು. ನನ್ನ ಮೆಚ್ಚುಗೆ ತಪ್ಪಾಗಿತ್ತೆಂದು ಅವರು ಹೇಳಲಿಲ್ಲ, ಅದಕ್ಕೆ ನಾನು ಕೊಟ್ಟ ಕಾರಣ ನಿಲ್ಲುವುದಿಲ್ಲವೆಂದರು. ಆ ಟಿಪ್ಪಣಿಯನ್ನು ನಂಬಿ ಯಾರಾದರೂ ಕೈಲಾಗದ ಕೆಲಸಕ್ಕೆ ಇಳಿದು, ಹೊತ್ತಿಗೆ ಸರಿಯಾಗಿ ಔಷಧಿ ಬೀಳದೆ, ಕೊನೆಗಳು ಬರಿದಾದರೆ ಅದರ ಹೊಣೆ ನನ್ನದೇ. ಆದ್ದರಿಂದ ಆ ವಿಮರ್ಶೆಯನ್ನು ಮೊದಲಿನಿಂದ ಮತ್ತೆ ಬರೆಯುತ್ತಿದ್ದೇನೆ. ಜೊತೆಗೆ ಅದನ್ನು ಹೇಗೆ ಬರೆಯಬೇಕಿತ್ತೆಂಬುದನ್ನೂ ಹೇಳುತ್ತೇನೆ. ಏಕೆಂದರೆ ನಾಳೆ ಇದೇ ಪ್ರಶ್ನೆ ಎರಡು ಪಂಪುಗಳ ನಡುವೆ, ಎರಡು ಬಗೆಯ ಸಸಿಗಳ ನಡುವೆ ಏಳುತ್ತದೆ. ಆಗ ಇದರಲ್ಲಿ ಕೆಲವು ಹೆಜ್ಜೆಗಳಾದರೂ ನಿಮಗೆ ಉಪಯೋಗಕ್ಕೆ ಬಂದಾವು.

ಮೊದಲು ಇಬ್ಬರ ಪರಿಚಯ

ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಎರಚುವ ಪದ್ಧತಿ ಅಲ್ಲಿತ್ತು. ಆ ಬಳ್ಳಿಗಳಿಗೆ ಬೂಜುರೋಗ ತಟ್ಟದಿದ್ದುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಗಮನಿಸಿ, 1885ರಲ್ಲಿ ಅದರ ಪಾಕವನ್ನು ಪ್ರಕಟಿಸಿದರು. ನಮ್ಮ ಮಲೆನಾಡಿಗೆ ಅದನ್ನು ತಂದ ಕೀರ್ತಿ ಲೆಸ್ಲಿ ಕೋಲ್ಮನ್ನರದು. ಕೆನಡಾ ದೇಶದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಧ್ಯಯನ ಮಾಡಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಕೊನೆಗೆ ಕೊಟ್ಟೆ ಕಟ್ಟುವುದೊಂದೇ ದಾರಿಯಾಗಿದ್ದ ಕಾಲದಲ್ಲಿ ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದವರು ಅವರೇ. ಇಂದಿಗೂ ಸಂಶೋಧನಾ ಕೇಂದ್ರಗಳು ಕೊಳೆಗೆ ಮೊದಲು ಹೇಳುವುದು ಶೇಕಡಾ 1ರ ಬೋರ್ಡೋವನ್ನೇ.

ಕಾಪರ್ ಆಕ್ಸಿಕ್ಲೋರೈಡ್ ಅದಕ್ಕಿಂತ ಕಿರಿಯದು. ಕಾರ್ಖಾನೆಯಲ್ಲೇ ತಯಾರಾಗಿ ನುಣ್ಣಗೆ ಪುಡಿಯಾಗಿ ಬರುವ ತಿಳಿಹಸಿರು ಪದಾರ್ಥ. ನೀರಿನಲ್ಲಿ ಕಲಕಿ ಹೊಡೆಯುವುದಷ್ಟೇ ನಮ್ಮ ಕೆಲಸ. ಸುಣ್ಣ ಬೇಯಿಸುವುದಿಲ್ಲ, ಸೋಸುವುದಿಲ್ಲ, ಎರಡನ್ನು ಕೂಡಿಸುವ ಹದ ನೋಡುವುದಿಲ್ಲ.

ಎರಡೂ ಕೆಲಸ ಮಾಡುವ ರೀತಿ ಒಂದೇ. ಕಾಯಿಯ ಮೇಲೆ ತೆಳುವಾದ ತಾಮ್ರದ ಹೊದಿಕೆ ಕೂರುತ್ತದೆ, ಮಳೆನೀರಿನೊಂದಿಗೆ ಬಂದು ಬೀಳುವ ಶಿಲೀಂಧ್ರದ ಬೀಜಾಣು ಆ ತಾಮ್ರ ತಾಗಿ ಸಾಯುತ್ತದೆ. ಒಳಹೊಕ್ಕ ರೋಗವನ್ನು ವಾಸಿಮಾಡುವ ಶಕ್ತಿ ಎರಡಕ್ಕೂ ಇಲ್ಲ. ತುಲನೆಗೆ ಹೊರಡುವ ಮುನ್ನ ಈ ಸಾಮ್ಯವನ್ನು ಬರೆದಿಡುವುದು ಅಗತ್ಯ. ಇಲ್ಲವಾದರೆ ಕೊಳೆ ಹತ್ತಿದ ಮೇಲೆ ಪುಡಿ ಹೊಡೆದು, "ಇದು ಕೆಲಸ ಮಾಡಲಿಲ್ಲ" ಎಂದು ಬರೆದುಬಿಡುತ್ತೇವೆ. ಆ ಹೊತ್ತಿನಲ್ಲಿ ಬೋರ್ಡೋ ಹೊಡೆದಿದ್ದರೂ ಅದೇ ಗತಿಯಾಗುತ್ತಿತ್ತು. ಇಬ್ಬರಿಗೂ ಇರುವ ಮಿತಿಯನ್ನು ಒಬ್ಬನ ದೋಷವೆಂದು ಬರೆಯುವುದು ವಿಮರ್ಶೆಯ ಮೊದಲ ಅನ್ಯಾಯ.

ಕಿಲೋ ಲೆಕ್ಕ ಮೋಸದ ಲೆಕ್ಕ

ಎರಡನೆಯ ತಪ್ಪು ತೂಕದ್ದು. ಶೇಕಡಾ 1ರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು. ಪುಡಿಯಾದರೆ ಸಾಮಾನ್ಯವಾಗಿ ಲೀಟರಿಗೆ 3 ಗ್ರಾಂ, ಅಂದರೆ ಅದೇ 100 ಲೀಟರಿಗೆ 300 ಗ್ರಾಂ. ಮಳಿಗೆಯ ದರಪಟ್ಟಿ ನೋಡಿ "ಕಿಲೋ ಲೆಕ್ಕದಲ್ಲಿ ಪುಡಿ ದುಬಾರಿ" ಎನ್ನುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ಬೆಲೆಯನ್ನು ತೂಗಬೇಕಾದದ್ದು ಕಿಲೋಗಲ್ಲ, ಹೊಡೆಯಲು ಸಿದ್ಧವಾದ 100 ಲೀಟರ್ ಬ್ಯಾರಲ್ಲಿಗೆ.

ಇನ್ನೊಂದು ಪಕ್ಷದವರು ತಾಮ್ರದ ಲೆಕ್ಕ ತೆಗೆಯುತ್ತಾರೆ. ಮೈಲುತುತ್ತದಲ್ಲಿ ತಾಮ್ರ ಇರುವುದು ಸುಮಾರು ಕಾಲು ಪಾಲು. ಆದ್ದರಿಂದ 1 ಕಿಲೋ ತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ. ಬಳಕೆಯಲ್ಲಿರುವ ಶೇಕಡಾ 50ರ ಆಕ್ಸಿಕ್ಲೋರೈಡ್ ಪುಡಿಯಲ್ಲಿ ತಾಮ್ರ ಅರ್ಧ ಪಾಲು. 300 ಗ್ರಾಂ ಪುಡಿಯಲ್ಲಿ 150 ಗ್ರಾಂ. "ನೋಡಿ, ಬೋರ್ಡೋದಲ್ಲಿ ನೂರು ಗ್ರಾಂ ತಾಮ್ರ ಹೆಚ್ಚು, ಆದ್ದರಿಂದ ಅದು ಬಲವಾದದ್ದು" ಎಂಬ ವಾದ ಇಲ್ಲಿಂದ ಹುಟ್ಟುತ್ತದೆ. ಲೆಕ್ಕ ಸರಿ, ತೀರ್ಮಾನ ಸರಿಯಲ್ಲ. ಹೊದಿಕೆ ಎಷ್ಟು ಸಮವಾಗಿ ಕೂತಿತು, ಎಷ್ಟು ದಿನ ನಿಂತಿತು ಎಂಬುದರ ಮೇಲೆ ಫಲ ನಿಂತಿದೆಯೇ ಹೊರತು ಬ್ಯಾರಲ್ಲಿನಲ್ಲಿದ್ದ ತಾಮ್ರದ ತೂಕವೊಂದರ ಮೇಲಲ್ಲ. ಅಲ್ಲದೆ ಇದೇ ಲೆಕ್ಕವನ್ನು ತಿರುಗಿಸಿಯೂ ಓದಬಹುದು. ಹೊಡೆದ ತಾಮ್ರವೆಲ್ಲ ಕೊನೆಗೆ ತೋಟದ ಮಣ್ಣಿಗೇ ಇಳಿಯುತ್ತದೆ, ಮಣ್ಣಿನಲ್ಲಿ ಅದು ಕರಗಿ ಕಾಣೆಯಾಗುವುದಿಲ್ಲ, ವರ್ಷ ವರ್ಷ ಕೂಡುತ್ತದೆ. ಪ್ರತಿ ಬ್ಯಾರಲ್ಲಿಗೆ ನೂರು ಗ್ರಾಂ ಕಡಿಮೆ ತಾಮ್ರವೆಂಬುದು ಪುಡಿಯ ಪರವಾಗಿ ಬರೆಯಬೇಕಾದ ಮಾತು. ಒಂದೇ ಅಂಕಿ ಎರಡು ಕಡೆಗೂ ಮಾತಾಡುತ್ತಿದ್ದರೆ, ಎರಡು ಮಾತನ್ನೂ ಓದುಗರ ಮುಂದಿಡುವುದು ವಿಮರ್ಶಕನ ಧರ್ಮ.

ಇಬ್ಬರನ್ನೂ ಅವರವರ ಒಳ್ಳೆಯ ಸ್ಥಿತಿಯಲ್ಲಿ ತೂಗಬೇಕು

ಕೆಟ್ಟ ಬೋರ್ಡೋದೊಡನೆ ಒಳ್ಳೆಯ ಪುಡಿಯನ್ನು ಹೋಲಿಸಿದರೂ ಅನ್ಯಾಯ, ತಿರುಗಿಸಿದರೂ ಅನ್ಯಾಯ. ಬೋರ್ಡೋ ಪೂರ್ತಿ ನಮ್ಮ ಕೈಕೆಲಸ. ಆದ್ದರಿಂದ ಅದು ಕೆಡುವುದೂ ನಮ್ಮ ಕೈಯಲ್ಲೇ. 1 ಕಿಲೋ ತುತ್ತವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಬೇಕು. ಹರಳನ್ನು ಗೋಣಿಬಟ್ಟೆಯಲ್ಲಿ ಕಟ್ಟಿ ಹಿಂದಿನ ರಾತ್ರಿ ನೀರಿನಲ್ಲಿ ತೂಗುಬಿಟ್ಟರೆ ಬೆಳಗಿಗೆ ಸಿದ್ಧ. 1 ಕಿಲೋ ಸುಟ್ಟ ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ಸೋಸಿ, ಇನ್ನೊಂದು ಪಾತ್ರೆಯಲ್ಲಿ 50 ಲೀಟರ್ ಮಾಡಬೇಕು. ಬಳಿಕ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕಲಕಬೇಕು. ಕಬ್ಬಿಣದ ಅಥವಾ ತಗಡಿನ ಪಾತ್ರೆ ಸಲ್ಲದು, ತುತ್ತವು ಅದನ್ನು ತಿಂದು ಔಷಧಿಯೂ ಕೆಡುತ್ತದೆ. ಪ್ಲಾಸ್ಟಿಕ್, ಮಣ್ಣು, ಮರದ ಪಾತ್ರೆ ಆದೀತು.

ಹದ ಬಂದಿದೆಯೇ ಎಂದು ನೋಡಲು ನಮ್ಮ ಹಿರಿಯರಿಗೆಲ್ಲ ಗೊತ್ತಿದ್ದ ಪರೀಕ್ಷೆಯಿದೆ. ತಿಕ್ಕಿ ತೊಳೆದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ತುತ್ತ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ಅಲಗು ಹೊಳೆಯುತ್ತಲೇ ಇದ್ದರೆ ಹದ ಸರಿ. ಈಗ ಬಣ್ಣ ಬದಲಾಯಿಸುವ ಕಾಗದದ ಪಟ್ಟಿಯೂ ಮಳಿಗೆಯಲ್ಲಿ ಸಿಗುತ್ತದೆ, ಅದರಿಂದ ನೋಡುವುದು ಇನ್ನೂ ಒಳ್ಳೆಯದು. ಹಳೆಯದಾಗಿ ಗಾಳಿ ಹೊಕ್ಕ ಸುಣ್ಣಕ್ಕೆ ಬಲವಿರುವುದಿಲ್ಲವಾದ್ದರಿಂದ "ಕಿಲೋಗೆ ಕಿಲೋ ಹಾಕಿದ್ದೇನೆ" ಎಂಬ ಭರವಸೆ ಸಾಲದು, ಪರೀಕ್ಷೆ ಬೇಕೇ ಬೇಕು. ಕೂಡಿಸಿದ ದ್ರಾವಣವನ್ನು ಅದೇ ದಿನ ಹೊಡೆದು ಮುಗಿಸಬೇಕು. ರಾತ್ರಿ ಕಳೆದರೆ ಅದರ ಕಣಗಳು ದಪ್ಪವಾಗಿ ತಳ ಸೇರುತ್ತವೆ, ಅಂಟುವ ಗುಣ ಹೋಗುತ್ತದೆ.

ಪುಡಿಯ ಕೆಲಸ ಸುಲಭವೆಂದರೂ ಅದಕ್ಕೂ ಒಂದು ಶಿಸ್ತಿದೆ. ಪೊಟ್ಟಣವನ್ನು ನೇರವಾಗಿ ಬ್ಯಾರಲ್ಲಿಗೆ ಸುರಿದರೆ ಗಂಟುಗಂಟಾಗುತ್ತದೆ. ಮೊದಲು ಸ್ವಲ್ಪ ನೀರಿನಲ್ಲಿ ಹಿಟ್ಟು ಕಲೆಸಿದಂತೆ ಕಲೆಸಿ, ಆಮೇಲೆ ನೀರು ಸೇರಿಸಿ ಪೂರ್ತಿ ಅಳತೆಗೆ ತರಬೇಕು. ಪುಡಿ ನೀರಿನಲ್ಲಿ ಕರಗುವುದಿಲ್ಲ, ತೇಲಾಡುತ್ತಿರುತ್ತದೆ ಅಷ್ಟೆ. ಆದ್ದರಿಂದ ಹೊಡೆಯುವಷ್ಟು ಹೊತ್ತೂ ಬ್ಯಾರಲ್ ಕಲಕಲು ಒಬ್ಬರು ಇರಬೇಕು. ಕಲಕದೆ ಬಿಟ್ಟರೆ ಮೊದಲ ಮರಗಳಿಗೆ ಒಂದು ಬಲ, ಕೊನೆಯ ಮರಗಳಿಗೆ ಇನ್ನೊಂದು ಬಲ. "ಪುಡಿ ಹೊಡೆದರೂ ಅರ್ಧ ತೋಟಕ್ಕೆ ಕೊಳೆ ಬಂತು" ಎಂಬ ದೂರು ಬಂದಾಗ ಇದನ್ನು ಮೊದಲು ವಿಚಾರಿಸಬೇಕು.

ಒಂದೇ ತೋಟ, ಒಂದೇ ಮಳೆ

ಈಗ ತೋಟಕ್ಕೆ ಇಳಿಯೋಣ. ನನ್ನ ಮೊದಲ ಟಿಪ್ಪಣಿ ಬಿದ್ದುಹೋದದ್ದು ಇಲ್ಲಿ. ದಿಬ್ಬದ ತೋಟ ಒಂದಕ್ಕೆ, ತಗ್ಗಿನ ತೋಟ ಇನ್ನೊಂದಕ್ಕೆ ಕೊಟ್ಟರೆ ತುಲನೆಯಾಗುವುದಿಲ್ಲ. ಒಂದೇ ಭಾಗದಲ್ಲಿ, ಒಂದೇ ವಯಸ್ಸಿನ ಮರಗಳಿರುವಲ್ಲಿ, ನಾಲ್ಕು ಸಾಲು ಬೋರ್ಡೋ, ನಾಲ್ಕು ಸಾಲು ಪುಡಿ, ಮತ್ತೆ ನಾಲ್ಕು ಸಾಲು ಬೋರ್ಡೋ, ಹೀಗೆ ಹೆಣೆದು ಹೋಗಬೇಕು. ಎರಡು ಔಷಧಿಗಳ ನಡುವಿನ ಅಂಚಿನ ಸಾಲನ್ನು ಎಣಿಕೆಯಿಂದ ಬಿಡಬೇಕು, ಏಕೆಂದರೆ ಅಲ್ಲಿಗೆ ಎರಡೂ ಹಾರಿರುತ್ತದೆ. ಒಂದೇ ಪಂಪು, ಅದೇ ಮೂತಿ, ಅದೇ ಕೊನೆಗಾರ, ಸಾಧ್ಯವಾದಷ್ಟು ಒಂದೇ ದಿನ. ಕೊನೆಗಾರನಿಗೆ ಒಂದರ ಮೇಲೆ ಮಮತೆಯಿದ್ದರೆ ಆ ಸಾಲಿನಲ್ಲಿ ಕೈ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆಂಬುದನ್ನೂ ನೋಡಿದ್ದೇನೆ. ಆದ್ದರಿಂದ ಎರಡಕ್ಕೂ ಎಷ್ಟು ಮರಕ್ಕೆ ಎಷ್ಟು ಲೀಟರ್ ಖರ್ಚಾಯಿತೆಂದು ಬರೆದಿಡಬೇಕು. ಧೈರ್ಯವಿದ್ದವರು ನಾಲ್ಕೈದು ಮರಗಳನ್ನು ಏನೂ ಹೊಡೆಯದೆ ಬಿಡಬಹುದು. ಕೊಳೆಯೇ ಬಾರದ ವರ್ಷದಲ್ಲಿ ಎರಡು ಔಷಧಿಯೂ ಅಮೃತದಂತೆ ಕಾಣುತ್ತದೆ. ಆ ನಾಲ್ಕು ಮರಗಳೂ ಶುದ್ಧವಾಗಿ ಉಳಿದಿದ್ದರೆ ಆ ವರ್ಷದ ತುಲನೆಯಿಂದ ಏನೂ ತಿಳಿಯಲಿಲ್ಲವೆಂದೇ ಅರ್ಥ.

ಬಳಿಕ ವಾರಕ್ಕೊಮ್ಮೆ ಬಿದ್ದ ಕಾಯಿ ಎಣಿಸಬೇಕು. ಬಿದ್ದದ್ದೆಲ್ಲ ಕೊಳೆಯಲ್ಲ. ಎಳೆಯ ಕಾಯಿ ತಾನಾಗಿ ಉದುರುವುದುಂಟು, ತಿಗಣೆ ಚುಚ್ಚಿ ಉದುರುವುದುಂಟು. ತೊಟ್ಟಿನ ಕಡೆಯಿಂದ ನೀರು ಹೊಕ್ಕಂತೆ ಕಡುಹಸಿರು ಮಚ್ಚೆ ಹರಡಿ, ಹೊಳಪು ಹೋಗಿ, ಬಿದ್ದ ಮೇಲೆ ಬಿಳಿ ಬೂಷ್ಟು ಕಟ್ಟುವ ಕಾಯಿಯನ್ನು ಮಾತ್ರ ಕೊಳೆಯ ಲೆಕ್ಕಕ್ಕೆ ಹಿಡಿಯಬೇಕು.

ಎಣಿಕೆಯನ್ನು ಓದುವುದರಲ್ಲೂ ಎಚ್ಚರ ಬೇಕು. ಬರಿಯ ಉದಾಹರಣೆಗೆಂದು ಅಂಕಿಗಳನ್ನು ಊಹಿಸಿಕೊಳ್ಳೋಣ. ಐವತ್ತು ಬೋರ್ಡೋ ಮರಗಳ ಕೆಳಗೆ 210 ಕೊಳೆ ಕಾಯಿ, ಐವತ್ತು ಪುಡಿ ಮರಗಳ ಕೆಳಗೆ 260 ಬಿದ್ದವೆನ್ನಿ. ಬೋರ್ಡೋ ಗೆದ್ದಿತೆಂದು ಬರೆಯಲು ಕೈ ಓಡುತ್ತದೆ. ಆದರೆ ಮರದ ಲೆಕ್ಕ ನೋಡಿದರೆ ಪುಡಿಯ ಸಾಲಿನಲ್ಲಿ ಹಲಸಿನ ಮರದ ನೀರು ತೊಟ್ಟಿಕ್ಕುವಲ್ಲಿದ್ದ ಒಂದೇ ಅಡಿಕೆ ಮರದಿಂದ 70 ಕಾಯಿ ಬಿದ್ದಿವೆ. ರೋಗ ಕಂಡ ಮರಗಳು ಅಲ್ಲಿ 11, ಬೋರ್ಡೋದಲ್ಲಿ 12. ಈಗ ಯಾರು ಗೆದ್ದರು? ಆ ಒಂದು ಮರವನ್ನು ಹೊಡೆದುಹಾಕಿ ಪುಡಿಯನ್ನು ಗೆಲ್ಲಿಸುವುದೂ ಸರಿಯಲ್ಲ, ಸುಮ್ಮನೆ ಮೊತ್ತ ಹೇಳಿ ಬೋರ್ಡೋವನ್ನು ಗೆಲ್ಲಿಸುವುದೂ ಸರಿಯಲ್ಲ. ಕಾಯಿಯ ಮೊತ್ತ, ರೋಗ ಕಂಡ ಮರದ ಸಂಖ್ಯೆ, ಆ ಹಲಸಿನ ಮರದ ಸಂಗತಿ, ಮೂರನ್ನೂ ಬರೆದು "ಈ ವರ್ಷ ಹೆಚ್ಚುಕಡಿಮೆ ಕಾಣಲಿಲ್ಲ" ಎನ್ನುವುದೇ ಪ್ರಾಮಾಣಿಕ ಉತ್ತರ. ಅಂತಹ ಉತ್ತರ ಬರೆಯಲು ನಾಚಬೇಕಾಗಿಲ್ಲ.

ಖರ್ಚಿನ ನಿಜವಾದ ಗಾತ್ರ

ಖರ್ಚನ್ನು ಬ್ಯಾರಲ್ ಲೆಕ್ಕದಲ್ಲಿ ತೆಗೆಯಬೇಕೆಂದೆ. ಒಂದು ಕಡೆ ತುತ್ತ, ಸುಣ್ಣ, ಅವನ್ನು ಕರಗಿಸಿ ಸೋಸಿ ಕೂಡಿಸುವ ಆಳಿನ ಹೊತ್ತು. ಇನ್ನೊಂದು ಕಡೆ 300 ಗ್ರಾಂ ಪುಡಿ, ಕಲಕುವ ಹೊತ್ತು. ನಿಮ್ಮ ವರ್ಷದ ಬಿಲ್ಲನ್ನಿಟ್ಟುಕೊಂಡು ನೀವೇ ಕೂಡಿ ನೋಡಿ. ಆದರೆ ಅದಕ್ಕೆ ಕೊನೆಗಾರನ ಕೂಲಿಯನ್ನೂ ಸೇರಿಸಿದಾಗ ಬೇರೊಂದು ಸತ್ಯ ಹೊಳೆಯುತ್ತದೆ. ಮರ ಹತ್ತಿ ಅಥವಾ ದೋಟಿ ಹಿಡಿದು ಹೊಡೆಯುವ ಕೂಲಿ ಎರಡಕ್ಕೂ ಸಮ, ಮತ್ತು ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಅದೇ. ಹೀಗಾಗಿ ಔಷಧಿಯ ಬೆಲೆಯಲ್ಲಿರುವ ಅಂತರಕ್ಕಿಂತ, ಅದರಿಂದಾಗಿ ಇನ್ನೊಂದು ಸುತ್ತು ಹೊಡೆಯಬೇಕಾಗುವುದೋ ಇಲ್ಲವೋ ಎಂಬುದು ಮುಖ್ಯ. ಅದೇ ರೀತಿ, ಸುಣ್ಣ ತಯಾರಿಗೆ ಆಳಿಲ್ಲದೆ ಮೊದಲ ಸುತ್ತು ಹದಿನೈದು ದಿನ ತಡವಾಗಿ ಮಳೆ ಹಿಡಿದುಬಿಟ್ಟರೆ, ಅಗ್ಗದ ಔಷಧಿಯೇ ಅತ್ಯಂತ ದುಬಾರಿಯಾಗುತ್ತದೆ.

ನನ್ನ ಮೆಚ್ಚುಗೆ ಮತ್ತು ಅದರ ಗಡಿ

ಇಷ್ಟಾದ ಮೇಲೆ ನನ್ನ ಅಭಿಪ್ರಾಯ ಹೇಳಬೇಕು. ಎರಡೂ ಒಳ್ಳೆಯವೇ ಎಂದು ಕೈತೊಳೆದುಕೊಂಡರೆ ಮಳಿಗೆಯ ಮುಂದೆ ನಿಂತವರಿಗೆ ಏನೂ ಹೇಳಿದಂತಾಗಲಿಲ್ಲ. ಆದರೆ ಅದಕ್ಕೂ ಮೊದಲು ನನ್ನ ಕಡೆಯ ಎರಡು ಸಂಗತಿಗಳನ್ನು ಬಿಚ್ಚಿಡಬೇಕು. ಸಂಘದ ಮಳಿಗೆ ಎರಡನ್ನೂ ಮಾರುತ್ತದೆ, ಎರಡರಿಂದಲೂ ಸಂಘಕ್ಕೆ ಅಷ್ಟಿಷ್ಟು ಉಳಿಯುತ್ತದೆ. ಮತ್ತು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಬೋರ್ಡೋ. ರೂಢಿಯೂ ಒಂದು ಪಕ್ಷಪಾತವೇ. ಇವನ್ನು ತಿಳಿದು ನನ್ನ ಮಾತನ್ನು ತೂಗಿಕೊಳ್ಳಿ.

ಮುಂಗಾರಿಗೆ ಮುನ್ನ ಹೊಡೆಯುವ ಮೊದಲ ಸುತ್ತಿಗೆ ನಾನು ಬೋರ್ಡೋವನ್ನೇ ಮೆಚ್ಚುತ್ತೇನೆ. ಕಾರಣ ಒಂದೇ, ಆದರೆ ನಮ್ಮ ಸೀಮೆಗೆ ದೊಡ್ಡದು. ಹೊಸದಾಗಿ ಸರಿಯಾಗಿ ಕೂಡಿಸಿ, ಚೆನ್ನಾಗಿ ಒಣಗಿದ ಬೋರ್ಡೋ ಕಾಯಿಗೆ ಕಚ್ಚಿ ನಿಲ್ಲುವಷ್ಟು ಪುಡಿ ನಿಲ್ಲದು. ಕೊಡಚಾದ್ರಿಯ ತಪ್ಪಲಿನ ನಮ್ಮ ಮಳೆಯಲ್ಲಿ ಎರಡನೆಯ ಸುತ್ತಿನ ತನಕ, ಅಂದರೆ 40-45 ದಿನ ಹೊದಿಕೆ ಉಳಿಯಬೇಕಾಗುತ್ತದೆ. ನಡುವೆ ಬಿಸಿಲು ಬರುವ ಭರವಸೆಯಿಲ್ಲ. ಆ ಒಂದು ಗುಣಕ್ಕಾಗಿ ಸುಣ್ಣ ಸೋಸುವ ಕಷ್ಟವನ್ನು ನಾನು ಒಪ್ಪುತ್ತೇನೆ.

ಇನ್ನು ಪುಡಿ ಯಾರಿಗೆ ಸರಿ? ಸುಣ್ಣ ಕೂಡಿಸಲು ಆಳಿಲ್ಲದ, ಕೊನೆಗಾರ ಒಂದೇ ದಿನಕ್ಕೆ ಸಿಗುವ ಮನೆಗೆ ಹೊತ್ತಿಗೆ ಸರಿಯಾಗಿ ಹೊಡೆದ ಪುಡಿ ತಡವಾಗಿ ಹೊಡೆದ ಬೋರ್ಡೋಗಿಂತ ಮೇಲು. ಒಳ್ಳೆಯ ಸುಣ್ಣ ಸಿಗದ ವರ್ಷ ಅದೇ ಸರಿ. ಜುಲೈಯಲ್ಲಿ ಅರ್ಧ ದಿನ ಮಳೆ ಬಿಟ್ಟಾಗ ಚುರುಕಾಗಿ ಬೆರೆಸಿ ಹೊಡೆಯುವ ಅವಸರಕ್ಕೆ ನಾನೇ ಪುಡಿಯನ್ನು ಇಟ್ಟುಕೊಳ್ಳುತ್ತೇನೆ. ಮಳೆ ಕಡಿಮೆಯಿರುವ ಬಯಲು ಸೀಮೆಯ ತೋಟದವರಿಗೆ ನನ್ನ ಮುಖ್ಯ ಕಾರಣವೇ ಅಷ್ಟಾಗಿ ಅನ್ವಯಿಸುವುದಿಲ್ಲ. ಹಾಗೆಯೇ ನಮ್ಮ ತೋಟದಲ್ಲಿ ಸಾಲುಬಿಟ್ಟು ಸಾಲು ಹೊಡೆದು, ಕೊಳೆ ಜೋರಾಗಿದ್ದ ಎರಡು ವರ್ಷ ಪುಡಿಯೇ ಸಮಸಮವಾಗಿ ನಿಂತುಬಿಟ್ಟರೆ, ಇದೇ ಪುಟದಲ್ಲಿ ನನ್ನ ಅಭಿಪ್ರಾಯ ಬದಲಾಯಿಸಿಕೊಳ್ಳುತ್ತೇನೆ. ತನ್ನ ಮೆಚ್ಚುಗೆ ಯಾವಾಗ ಬಿದ್ದುಹೋಗುತ್ತದೆಂದು ಹೇಳಲಾರದವನ ಮೆಚ್ಚುಗೆ ಬರಿಯ ಅಭಿಮಾನ.

ಕಾಫಿ ಇರುವ ಸದಸ್ಯರಿಗೆ ಒಂದು ಮಾತು. ಈ ತೀರ್ಪನ್ನು ಕಾಫಿ ಗಿಡಕ್ಕೆ ಎತ್ತಿಕೊಂಡು ಹೋಗಬೇಡಿ. ಕಾಫಿಯ ಎಲೆತುಕ್ಕಿಗೆ ಹೇಳುವ ಬೋರ್ಡೋ ಶೇಕಡಾ ಅರ್ಧದ್ದು, ಹೊಡೆಯುವ ಕಾಲವೂ ಬೇರೆ. ಕಾಫಿಯಲ್ಲೂ 'ಕೊಳೆರೋಗ' ಎಂಬ ಹೆಸರಿದೆಯಾದರೂ ಅದರ ಶಿಲೀಂಧ್ರವೇ ಬೇರೆ. ಹೆಸರು ಒಂದೆಂದು ತೀರ್ಪೂ ಒಂದಾಗದು.

ಕೊನೆಯದಾಗಿ ಮಾತಿನ ವಿಚಾರ. ಅಂದು ನಾನು ಬರೆದದ್ದು: "ಮಳೆಗೆ ತೊಳೆದುಹೋಗುವ ಪುಡಿ." ಇಂದು ಬರೆಯುವುದು: "ಸತತ ಮಳೆಯಲ್ಲಿ ಬೋರ್ಡೋದಷ್ಟು ದಿನ ನಿಲ್ಲದು, ಆದ್ದರಿಂದ ಇದನ್ನು ಹೊಡೆದವರು ಮುಂದಿನ ಸುತ್ತಿಗೆ ಪೂರ್ತಿ 45 ದಿನ ಕಾಯದೆ ಮಳೆ ಬಿಟ್ಟ ಮೊದಲ ದಿನವನ್ನು ಬಳಸಿಕೊಳ್ಳುವುದು ಲೇಸು." ಎರಡರಲ್ಲೂ ಇರುವ ಸಂಗತಿ ಒಂದೇ. ಮೊದಲನೆಯದು ಪುಡಿಗೆ ಹಣೆಪಟ್ಟಿ ಕಟ್ಟಿ ಅದನ್ನು ಕೊಂಡವನನ್ನೂ ಹಂಗಿಸುತ್ತದೆ. ಎರಡನೆಯದು ಯಾವುದಕ್ಕೆ ಹೋಲಿಸಿ, ಯಾವ ಸ್ಥಿತಿಯಲ್ಲಿ ಎಂಬುದನ್ನು ತಿಳಿಸಿ, ಕೊಂಡವನು ಮಾಡಬೇಕಾದದ್ದನ್ನೂ ಹೇಳುತ್ತದೆ. ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಪುಡಿ ಹೊಡೆಯುವ ಆ ಹಿರಿಯ ಸದಸ್ಯರಿಗೆ ಓದಿ ಹೇಳಿದೆ. ಇನ್ನೊಂದು ಪದಾರ್ಥವನ್ನು ಬಳಸುವವರು ಕೇಳಿ "ಹೌದು, ಇದು ನಾನು ಬಲ್ಲ ಔಷಧಿಯೇ" ಎನ್ನುವರೋ ಇಲ್ಲವೋ ಎಂಬುದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತಿಳಿಯದು. ಅವರು ಪೂರ್ತಿ ಕೇಳಿ, "ಮರ ಹತ್ತುವವರು ಸಿಕ್ಕಿದರೆ ಮೊದಲ ಸುತ್ತಿಗೆ ನಾನೂ ತುತ್ತ-ಸುಣ್ಣ ನೋಡುತ್ತೇನೆ, ಸಿಗದಿದ್ದರೆ ನನ್ನ ಪುಡಿ ಇದ್ದೇ ಇದೆ" ಎಂದರು.

ಈ ಸಲ ಮಳಿಗೆಯಲ್ಲಿ ಎರಡನ್ನೂ ಅಕ್ಕಪಕ್ಕದಲ್ಲೇ ಇಡಲಾಗುವುದು, 100 ಲೀಟರಿನ ಅಳತೆ ಬರೆದ ಚೀಟಿ ಎರಡರ ಜೊತೆಗೂ ಸಿಗುವುದು. ಸಾಲುಬಿಟ್ಟು ಸಾಲು ಹೊಡೆದು ನೋಡುವ ಸದಸ್ಯರು ತಮ್ಮ ಎಣಿಕೆಯನ್ನು ಮಳೆಗಾಲ ಮುಗಿದ ಮೇಲೆ ಕಚೇರಿಗೆ ತಲುಪಿಸಿದರೆ, ಅದು ಯಾವ ಔಷಧಿಯ ಪರವಾಗಿದ್ದರೂ ಇಲ್ಲಿ ಪ್ರಕಟಿಸುತ್ತೇನೆ.